ಬಡ್ಡಿಯ ಎರಡು ಅಳತೆಗಳು

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯ ಮೇಲೆ ನಿಂತು ಬಡ್ಡಿಯ ಲೆಕ್ಕ ಹೇಳುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಈ ವರ್ಷದ ಸಂಭ್ರಮದಲ್ಲಿ ಅನೇಕರು ಶಾಲೆಗೆ ದತ್ತಿನಿಧಿಗಳನ್ನು ಕೊಡಲು ಮುಂದಾಗಿದ್ದಾರೆ. ತಂದೆಯ ಹೆಸರಿನಲ್ಲಿ ಒಂದು, ತಾಯಿಯ ಹೆಸರಿನಲ್ಲಿ ಒಂದು, ಕಲಿಸಿದ ಗುರುಗಳ ಹೆಸರಿನಲ್ಲಿ ಇನ್ನೊಂದು. ಆ ಹಣವನ್ನು ಬ್ಯಾಂಕಿನಲ್ಲಿ ಮುದ್ದತಿ ಠೇವಣಿಯಾಗಿ ಇಡುವುದು, ವರ್ಷವರ್ಷ ಬರುವ ಬಡ್ಡಿಯಲ್ಲಿ ಜಾಣ ಮಕ್ಕಳಿಗೆ ಬಹುಮಾನ ಹಂಚುವುದು, ಇದು ನಮ್ಮಲ್ಲಿ ಬೆಳೆದು ಬಂದ ಪದ್ಧತಿ. ಠೇವಣಿ ಇಟ್ಟವನು ಬ್ಯಾಂಕಿಗೆ ಸಾಲ ಕೊಟ್ಟವನೇ. ಆದ್ದರಿಂದ ನಮ್ಮ ಶಾಲೆಯೂ ಒಬ್ಬ ಸಾಲಿಗ. ಸಾಲ ಕೊಟ್ಟವನಿಗೆ ನಿಜವಾಗಿ ಎಷ್ಟು ಮರಳಿ ಬರುತ್ತದೆ, ಸಾಲ ಪಡೆದವನಿಗೆ ಯಾವಾಗ ಲಾಭವಾಗುತ್ತದೆ ಎಂಬುದನ್ನು ಇಂದು ನಿಮ್ಮೊಡನೆ ಕೂಡಿ ವಿಚಾರ ಮಾಡಬೇಕೆಂದು ಬಯಸಿದ್ದೇನೆ.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಎರಡು ಬಗೆಯ ಸಾಲಗಳಿದ್ದವು. ಒಂದು ರೊಕ್ಕದ ಸಾಲ, ಇನ್ನೊಂದು ಕಾಳಿನ ಸಾಲ. ಬಿತ್ತನೆಯ ಕಾಲಕ್ಕೆ ಒಂದು ಚೀಲ ಜೋಳ ಒಯ್ದು ಸುಗ್ಗಿಯ ಕಾಲಕ್ಕೆ ಒಂದೂಕಾಲು ಚೀಲ ತಂದು ಅಳೆದರೆ ಅದಕ್ಕೆ ಸವಾಯಿ ಎಂದು ಹೆಸರು. ಕಾಳಿನ ಸಾಲದಲ್ಲಿ ಬಡ್ಡಿ ಕಣ್ಣಿಗೆ ಕಾಣುವ ವಸ್ತು. ಕೊಟ್ಟದ್ದು ಒಂದು ಚೀಲ, ಬಂದದ್ದು ಒಂದೂಕಾಲು ಚೀಲ, ಬಡ್ಡಿ ಕಾಲು ಚೀಲ. ಪೇಟೆಯಲ್ಲಿ ಜೋಳದ ಧಾರಣೆ ಏರಲಿ ಇಳಿಯಲಿ, ಕಾಳಿನ ಲೆಕ್ಕದಲ್ಲಿ ಬಡ್ಡಿ ಕಾಲು ಚೀಲವೇ.

ರೊಕ್ಕದ ಸಾಲದ ಸ್ವಭಾವ ಬೇರೆ. ಅಲ್ಲಿ ಕಾಗದದ ಮೇಲೆ ಬರೆಯುವುದು ರೂಪಾಯಿ. ಕೊಟ್ಟದ್ದು ಸಾವಿರ ರೂಪಾಯಿ, ವರ್ಷದ ಮೇಲೆ ಬರಬೇಕಾದದ್ದು ಸಾವಿರದ ನೂರು. ಇಲ್ಲಿ ಕಾಗದದ ಮೇಲಿನ ಬಡ್ಡಿ ಶೇ. 10. ಇದನ್ನು ಅರ್ಥಶಾಸ್ತ್ರದಲ್ಲಿ ನಾಮಮಾತ್ರ ಬಡ್ಡಿ ಎನ್ನುತ್ತಾರೆ. ಹೆಸರಿಗೆ ಇರುವ ಬಡ್ಡಿ ಎಂದು ಅರ್ಥ. ಆದರೆ ರೂಪಾಯಿಯನ್ನು ಯಾರೂ ತಿನ್ನುವುದಿಲ್ಲ, ಉಡುವುದಿಲ್ಲ. ಅದರಿಂದ ಏನು ಕೊಳ್ಳಬಹುದು ಎಂಬುದೇ ಅದರ ಬೆಲೆ. ಸಾಲ ಕೊಟ್ಟ ದಿನ ಚೀಲ ಜೋಳಕ್ಕೆ ನೂರು ರೂಪಾಯಿ ಇತ್ತೆಂದು ಭಾವಿಸೋಣ. ಅಂದರೆ ಸಾವಿರ ರೂಪಾಯಿ ಕೊಟ್ಟವನು ಹತ್ತು ಚೀಲ ಜೋಳದ ಶಕ್ತಿಯನ್ನು ಕೊಟ್ಟಂತಾಯಿತು. ವರ್ಷದ ಮೇಲೆ ಅವನಿಗೆ ಸಾವಿರದ ನೂರು ರೂಪಾಯಿ ಬಂತು. ಧಾರಣೆ ನೂರರಲ್ಲೇ ನಿಂತಿದ್ದರೆ ಅದು ಹನ್ನೊಂದು ಚೀಲ. ಒಂದು ಚೀಲ ನಿಜವಾದ ಬಡ್ಡಿ. ಧಾರಣೆ ನೂರಹತ್ತಕ್ಕೆ ಏರಿದ್ದರೆ ಅದು ಹತ್ತೇ ಚೀಲ; ಬಡ್ಡಿ ಸೊನ್ನೆ. ಧಾರಣೆ ನೂರಿಪ್ಪತ್ತೈದಕ್ಕೆ ಏರಿದ್ದರೆ ಒಂಬತ್ತು ಚೀಲಕ್ಕೂ ತುಸು ಕಡಿಮೆ. ಅವನು ಕೊಟ್ಟ ಅಸಲೇ ಪೂರ್ತಿ ಮರಳಿ ಬರಲಿಲ್ಲ. ಹೀಗೆ ವಸ್ತುಗಳ ಅಳತೆಯಲ್ಲಿ ಎಣಿಸಿದ ಬಡ್ಡಿಗೆ ನೈಜ ಬಡ್ಡಿ ಎಂದು ಹೆಸರು. ಶಾಸ್ತ್ರಜ್ಞರು ಒಂದೇ ಜೋಳವನ್ನು ಹಿಡಿಯದೆ ಅಕ್ಕಿ, ಬಟ್ಟೆ, ಎಣ್ಣೆ, ಬಾಡಿಗೆ, ಔಷಧ ಮುಂತಾದವುಗಳ ಒಟ್ಟು ಬೆಲೆಸೂಚ್ಯಂಕವನ್ನು ಅಳತೆಗೋಲಾಗಿ ಹಿಡಿಯುತ್ತಾರೆ. ತತ್ತ್ವ ಅದೇ.

ಬಾಯಿಲೆಕ್ಕಕ್ಕೆ ಸುಲಭವಾದ ಸೂತ್ರ ಒಂದಿದೆ. ನಾಮಮಾತ್ರ ಬಡ್ಡಿಯಿಂದ ಹಣದುಬ್ಬರದ ದರವನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ನೈಜ ಬಡ್ಡಿ. ಬಡ್ಡಿ ಶೇ. 10, ಬೆಲೆ ಏರಿಕೆ ಶೇ. 6 ಇದ್ದರೆ ನೈಜ ಬಡ್ಡಿ ಸುಮಾರು ಶೇ. 4. ದರಗಳು ದೊಡ್ಡವಾದಾಗ ಕಳೆಯುವ ಬದಲು ಭಾಗಿಸಬೇಕು. ಆ ಲೆಕ್ಕವನ್ನು ಮುಂದೆ ಒಂದು ಉದಾಹರಣೆಯಲ್ಲಿ ಮಾಡೋಣ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಾಲ ಕೊಡುವವನು ಮೂಢನಲ್ಲ. ಬೆಲೆಗಳು ಏರುತ್ತವೆ ಎಂದು ಅವನಿಗೂ ಗೊತ್ತು. ಹಾಗಿದ್ದ ಮೇಲೆ ಅವನು ಮೊದಲೇ ಅದನ್ನು ಸೇರಿಸಿ ಹೆಚ್ಚು ಬಡ್ಡಿ ಕೇಳುವುದಿಲ್ಲವೇ? ಕೇಳುತ್ತಾನೆ. ಈ ವಿಷಯವನ್ನು ಖಚಿತವಾಗಿ ಹೇಳಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್. 1896ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಪರೀಕ್ಷೆಗೆ ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು ನಮ್ಮ ರೂಪಾಯಿ ಎಂಬುದು ನಮಗೆ ಅಭಿಮಾನದ ಸಂಗತಿ. ಆಗ ಭಾರತ ಸರಕಾರದ ಸಾಲಪತ್ರಗಳು ಲಂಡನ್ನಿನ ಪೇಟೆಯಲ್ಲಿ ಎರಡು ಬಗೆಯಲ್ಲಿ ಮಾರಾಟವಾಗುತ್ತಿದ್ದವು. ಒಂದು ಬಗೆಯದಕ್ಕೆ ಬಡ್ಡಿ ಚಿನ್ನದ ನಾಣ್ಯದಲ್ಲಿ, ಇನ್ನೊಂದಕ್ಕೆ ಬೆಳ್ಳಿಯ ರೂಪಾಯಿಯಲ್ಲಿ. ಸಾಲಗಾರ ಒಬ್ಬನೇ, ಸರಕಾರ ಒಂದೇ. ಅಳತೆಯ ನಾಣ್ಯ ಮಾತ್ರ ಬೇರೆ. 1870ರ ದಶಕದ ಆರಂಭದಲ್ಲಿ ಸುಮಾರು ಎರಡು ಶಿಲ್ಲಿಂಗ್ ಬೆಲೆಯಿದ್ದ ರೂಪಾಯಿ 1893ರ ಹೊತ್ತಿಗೆ ಒಂದೂಕಾಲು ಶಿಲ್ಲಿಂಗಿನ ಮಟ್ಟಕ್ಕೆ ಕುಸಿದಿತ್ತು. ರೂಪಾಯಿ ಕುಸಿಯುತ್ತದೆಂಬ ಭಯ ಹುಟ್ಟಿದಂತೆ ರೂಪಾಯಿ ಪತ್ರಗಳ ಮೇಲೆ ಜನ ಹೆಚ್ಚಿನ ಬಡ್ಡಿಯ ಆದಾಯವನ್ನು ಅಪೇಕ್ಷಿಸಿದರು. ಆದರೆ ಅವರು ಅಪೇಕ್ಷಿಸಿದ ಹೆಚ್ಚಳ ನಿಜವಾಗಿ ಆದ ಕುಸಿತವನ್ನು ತುಂಬಿಕೊಡುವಷ್ಟು ಇರಲಿಲ್ಲ. ಮುಂದಾಲೋಚನೆ ಇತ್ತು, ಸಾಕಷ್ಟು ಇರಲಿಲ್ಲ.

ಇಂದಿನ ಮಾತಿನ ತಿರುಳು ಈ ಕೊರತೆಯಲ್ಲೇ ಇದೆ. ಎಲ್ಲರೂ ನಿರೀಕ್ಷಿಸಿದಷ್ಟೇ ಬೆಲೆ ಏರಿದರೆ ಸಾಲಗಾರನಿಗೆ ಲಾಭವಿಲ್ಲ, ಸಾಲಿಗನಿಗೆ ನಷ್ಟವಿಲ್ಲ. ಬಡ್ಡಿಯ ದರದಲ್ಲಿ ಅದು ಮೊದಲೇ ಸೇರಿರುತ್ತದೆ. ನಿರೀಕ್ಷೆಗೂ ನಡೆದದ್ದಕ್ಕೂ ನಡುವೆ ಅಂತರ ಬಿದ್ದಾಗ ಮಾತ್ರ ಒಬ್ಬರ ಸಂಪತ್ತು ಸದ್ದಿಲ್ಲದೆ ಇನ್ನೊಬ್ಬರ ಮನೆ ಸೇರುತ್ತದೆ. ಕಾಗದ ಬದಲಾಗುವುದಿಲ್ಲ, ಸಹಿ ಬದಲಾಗುವುದಿಲ್ಲ, ಯಾರೂ ಮಾತಿಗೆ ತಪ್ಪುವುದಿಲ್ಲ. ಆದರೂ ಸಂಪತ್ತು ಕೈ ಬದಲಾಯಿಸುತ್ತದೆ.

ಇದನ್ನು ನಮ್ಮ ಸೊಲ್ಲಾಪುರ ಸೀಮೆಯ ಹಿರಿಯರು ಕಣ್ಣಾರೆ ಕಂಡ ಕಾಲದ ಮೇಲಿಟ್ಟು ನೋಡೋಣ. 1972ರ ಬರಗಾಲವನ್ನು ನೆನೆಯದ ಹಿರಿಯರು ಈ ಸಭೆಯಲ್ಲಿ ಇರಲಾರರು. ಮಹಾರಾಷ್ಟ್ರದ ಬಹುಭಾಗಕ್ಕೆ ಮಳೆ ಕೈಕೊಟ್ಟ ವರ್ಷ ಅದು. ಸೊಲ್ಲಾಪುರ ಜಿಲ್ಲೆಗೂ ಅದರ ಬಿಸಿ ಬಲವಾಗಿ ತಟ್ಟಿತು. ಸಾವಿರಾರು ಜನ ಕೆರೆ, ರಸ್ತೆ, ಬದುಗಳ ಬರಗಾಲದ ಕೆಲಸಕ್ಕೆ ಹೋದರು. ಕಾಳುಕಡಿಯ ಬೆಲೆ ಏರತೊಡಗಿತು. ಅದರ ಬೆನ್ನಿಗೇ 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಗಿ, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನಮ್ಮ ದೇಶದ ಸಗಟು ಬೆಲೆಗಳು 1973-74ರಲ್ಲಿ ಸುಮಾರು ಶೇ. 20ರಷ್ಟು, ಅದರ ಮೇಲೆ 1974-75ರಲ್ಲಿ ಸುಮಾರು ಶೇ. 25ರಷ್ಟು ಏರಿದವು. ಎರಡನ್ನೂ ಗುಣಿಸಿದರೆ, ನೂರು ರೂಪಾಯಿಗೆ ಸಿಗುತ್ತಿದ್ದ ಸಾಮಾನು ಎರಡು ವರ್ಷದಲ್ಲಿ ನೂರೈವತ್ತಾಯಿತು. ರಿಸರ್ವ್ ಬ್ಯಾಂಕು ತನ್ನ ಬ್ಯಾಂಕ್ ದರವನ್ನು 1973ರ ಮೇ ತಿಂಗಳಲ್ಲಿ ಶೇ. 6ರಿಂದ 7ಕ್ಕೂ, 1974ರ ಜುಲೈಯಲ್ಲಿ ಶೇ. 9ಕ್ಕೂ ಏರಿಸಿತು. ಬೆಲೆ ಶೇ. 25ರ ವೇಗದಲ್ಲಿ ಓಡುವಾಗ ಬಡ್ಡಿ ಶೇ. 9ರ ನಡಿಗೆಯಲ್ಲಿ ಅದನ್ನು ಹಿಂಬಾಲಿಸಿತು.

ಈಗ ಲೆಕ್ಕಕ್ಕಾಗಿ ಒಬ್ಬ ನೇಕಾರನನ್ನು ಕಲ್ಪಿಸಿಕೊಳ್ಳೋಣ. ಸೊಲ್ಲಾಪುರದಲ್ಲಿ ಚಾದರ ನೇಯುವವನು. 1972ರ ದಸರೆಯಲ್ಲಿ ಮಗ್ಗದ ದುರಸ್ತಿಗಾಗಿ ಸಾವಿರ ರೂಪಾಯಿ ಸಾಲ ತೆಗೆದ. ವರ್ಷಕ್ಕೆ ಶೇ. 10 ಚಕ್ರಬಡ್ಡಿ, ಎರಡು ವರ್ಷದ ಮೇಲೆ ಒಟ್ಟಿಗೆ ತೀರಿಸಬೇಕು. ಮೊದಲ ವರ್ಷದ ಕೊನೆಗೆ ಸಾಲ 1,100, ಎರಡನೆಯ ವರ್ಷದ ಕೊನೆಗೆ 1,210 ರೂಪಾಯಿ. ಚಾದರ ಒಂದಕ್ಕೆ ಆಗ ಇಪ್ಪತ್ತು ರೂಪಾಯಿ ಬೆಲೆಯಿತ್ತೆಂದು ಇಟ್ಟುಕೊಳ್ಳೋಣ. ಅಂದರೆ ಅವನು ಪಡೆದ ಸಾಲ ಐವತ್ತು ಚಾದರಗಳಿಗೆ ಸಮ.

ಸಾಲ ಮಾಡಿದ ದಿನ ಇಬ್ಬರ ಮನಸ್ಸಿನಲ್ಲಿಯೂ ಒಂದು ಅಂದಾಜು ಇದ್ದೇ ಇರುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5ರಷ್ಟು ಏರಬಹುದು ಎಂಬುದು ಆ ಅಂದಾಜು ಎನ್ನೋಣ. ಹಾಗೆ ಆಗಿದ್ದರೆ ಚಾದರದ ಬೆಲೆ ಎರಡು ವರ್ಷದಲ್ಲಿ ಇಪ್ಪತ್ತೆರಡು ರೂಪಾಯಿಯ ಹತ್ತಿರ ಬರುತ್ತಿತ್ತು. 1,210 ರೂಪಾಯಿ ಹೊಂದಿಸಲು ನೇಕಾರ ಸುಮಾರು ಐವತ್ತೈದು ಚಾದರ ಮಾರಬೇಕಾಗುತ್ತಿತ್ತು. ಐವತ್ತು ಚಾದರದ ಶಕ್ತಿ ಪಡೆದು ಐವತ್ತೈದು ಮರಳಿಸುವುದು ಇಬ್ಬರೂ ಒಪ್ಪಿದ ವ್ಯವಹಾರ. ನಿಜವಾಗಿ ಆದದ್ದು ಬೇರೆ. ಎಲ್ಲ ಬೆಲೆಗಳೊಡನೆ ಚಾದರದ ಬೆಲೆಯೂ ಒಂದೂವರೆ ಪಟ್ಟಾಗಿ ಮೂವತ್ತು ರೂಪಾಯಿಗೆ ಏರಿತೆಂದರೆ, 1974ರ ದಸರೆಯಲ್ಲಿ 1,210 ರೂಪಾಯಿ ತೀರಿಸಲು ಅವನಿಗೆ ಸುಮಾರು ನಲವತ್ತು ಚಾದರ ಸಾಕಾದವು. ಸಾಲ ಪಡೆದದ್ದು ಐವತ್ತು, ಕೊಡಬೇಕೆಂದುಕೊಂಡದ್ದು ಐವತ್ತೈದು, ಕೊಟ್ಟದ್ದು ನಲವತ್ತು. ಅವನ ಮಗ್ಗ ಹೆಚ್ಚು ನೇಯಲಿಲ್ಲ. ಅವನ ಕೈಚಳಕ ಹೆಚ್ಚಲಿಲ್ಲ. ಆದರೂ ಹದಿನೈದು ಚಾದರಗಳ ಬೆಲೆ ಸಾಲ ಕೊಟ್ಟವನ ಮನೆಯಿಂದ ಅವನ ಮನೆಗೆ ಬಂತು. ನಿರೀಕ್ಷೆಗೆ ಮೀರಿದ ಹಣದುಬ್ಬರದಿಂದ ಸಾಲಗಾರನಿಗೆ ಲಾಭ ಎಂಬ ಮಾತಿನ ಅರ್ಥ ಇಷ್ಟೇ.

ಈ ಮಾತನ್ನು ಅರ್ಧ ಕೇಳಿದವರು, ಬೆಲೆ ಏರುವ ಕಾಲದಲ್ಲಿ ಸಾಲ ಮಾಡಿದವನೇ ಜಾಣ ಎಂದು ತಿಳಿಯುವ ಅಪಾಯವಿದೆ. ಅದೇ ಊರಿನ ಇನ್ನೊಬ್ಬ ನೇಕಾರನನ್ನು ನೋಡಿ. ಮೊದಲನೆಯವನ ಅದೃಷ್ಟ ಕಂಡು ಅವನು 1974ರ ದಸರೆಯಲ್ಲಿ ಸಾಲಕ್ಕೆ ಹೊರಟ. ಆಗ ಬೆಲೆಗಳು ಶಿಖರದಲ್ಲಿದ್ದವು. ಸಾಲ ಕೊಡುವವನೂ ಪಾಠ ಕಲಿತಿದ್ದ. ಬೆಲೆ ಇನ್ನೂ ವರ್ಷಕ್ಕೆ ಶೇ. 10ರಂತೆ ಏರಬಹುದೆಂದು ಎಣಿಸಿ ಶೇ. 15 ಬಡ್ಡಿ ಕೇಳಿದ. ನೇಕಾರನೂ ಅದೇ ಅಂದಾಜಿನಲ್ಲಿ ಒಪ್ಪಿದ. ಚಾದರಕ್ಕೆ ಮೂವತ್ತು ರೂಪಾಯಿಯಂತೆ ಐವತ್ತು ಚಾದರದ ಬೆಲೆ, ಅಂದರೆ 1,500 ರೂಪಾಯಿ ಸಾಲ. ಎರಡು ವರ್ಷದ ಮೇಲೆ ಕೊಡಬೇಕಾದದ್ದು ಸುಮಾರು 1,984 ರೂಪಾಯಿ. ಅಂದಾಜಿನಂತೆ ಚಾದರದ ಬೆಲೆ ಮೂವತ್ತಾರಕ್ಕೆ ಏರಿದ್ದರೆ ಅವನೂ ಐವತ್ತೈದು ಚಾದರಗಳಲ್ಲಿ ಪಾರಾಗುತ್ತಿದ್ದ. ಆದರೆ 1974ರ ಬೇಸಗೆ ಕಳೆದ ಮೇಲೆ ಸರಕಾರ ಹಣದ ಹರಿವನ್ನು ಬಿಗಿಹಿಡಿಯಿತು, ನೌಕರರ ಹೆಚ್ಚುವರಿ ತುಟ್ಟಿಭತ್ಯೆಯ ಒಂದು ಪಾಲನ್ನು ಕಡ್ಡಾಯ ಠೇವಣಿಯಲ್ಲಿ ತಡೆಹಿಡಿಯಿತು. ಮರುವರ್ಷ ಮಳೆಬೆಳೆಯೂ ಚೆನ್ನಾಯಿತು. 1975-76ರಲ್ಲಿ ಸಗಟು ಬೆಲೆಗಳು ಏರುವ ಬದಲು ಶೇ. 1ರಷ್ಟು ಇಳಿದವು, ಅದರ ಮರುವರ್ಷ ಶೇ. 2ರಷ್ಟು ಮಾತ್ರ ಏರಿದವು. ಚಾದರದ ಬೆಲೆ ಮೂವತ್ತರ ಆಸುಪಾಸಿನಲ್ಲೇ ನಿಂತಿತು. 1,984 ರೂಪಾಯಿ ಹೊಂದಿಸಲು ಎರಡನೆಯ ನೇಕಾರ ಸುಮಾರು ಅರವತ್ತೈದು ಚಾದರ ಮಾರಬೇಕಾಯಿತು.

ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಇಬ್ಬರೂ ಐವತ್ತು ಪಡೆದು ಐವತ್ತೈದು ಕೊಡುವ ಲೆಕ್ಕ ಹಾಕಿದವರು. ಒಬ್ಬ ನಲವತ್ತು ಕೊಟ್ಟ, ಒಬ್ಬ ಅರವತ್ತೈದು ಕೊಟ್ಟ. ಮೊದಲನೆಯವನ ಕಾಗದದ ಮೇಲೆ ಶೇ. 10 ಇತ್ತು, ಎರಡನೆಯವನ ಕಾಗದದ ಮೇಲೆ ಶೇ. 15. ಆದರೆ ಭೇದ ಹುಟ್ಟಿದ್ದು ಆ ಐದು ಅಂಶಗಳಿಂದಲ್ಲ. ಒಬ್ಬನ ಕಾಲದಲ್ಲಿ ಬೆಲೆಗಳು ಎಣಿಸಿದ್ದಕ್ಕಿಂತ ಹೆಚ್ಚು ಏರಿದವು, ಇನ್ನೊಬ್ಬನ ಕಾಲದಲ್ಲಿ ಎಣಿಸಿದ್ದಕ್ಕಿಂತ ಕಡಿಮೆ ಏರಿದವು. ಇದಕ್ಕಿಂತ ಭೀಕರವಾದ ಎರಡನೆಯ ಬಗೆಯ ಅನುಭವ ನಮ್ಮ ಅಜ್ಜಂದಿರ ಕಾಲದಲ್ಲಿ ಆಗಿತ್ತು. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ನಾಲ್ಕೈದು ವರ್ಷದೊಳಗೆ ಬೆಳೆಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಹತ್ತು ಚೀಲ ಮಾರಿ ತೀರಿಸಬಹುದೆಂದು ಮಾಡಿದ ಸಾಲಕ್ಕೆ ಇಪ್ಪತ್ತು ಚೀಲ ಅಳೆಯಬೇಕಾಯಿತು. ಸಾವಕಾರ ಬಡ್ಡಿಯನ್ನು ಒಂದು ಪೈಸೆಯೂ ಏರಿಸದೆಯೇ ರೈತನ ಸಾಲ ಇಮ್ಮಡಿಯಾಯಿತು. ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ಕೃಷಿಕ ಸಾಲಗಾರರ ಪರಿಹಾರ ಕಾಯದೆ ಬರಬೇಕಾದ ಒತ್ತಡದ ಹಿಂದೆ ಈ ಬೆಲೆಕುಸಿತದ ದೊಡ್ಡ ಪಾಲಿತ್ತು.

ಇನ್ನು, ಹಣದುಬ್ಬರ ನಿರೀಕ್ಷೆಯನ್ನು ಮೀರಿದಾಗ ಎಲ್ಲ ಸಾಲಗಾರರಿಗೂ ಲಾಭವಾಗುತ್ತದೆಯೇ ಎಂದು ಕೇಳಬೇಕು. ಇಲ್ಲ. ಮೂರು ಷರತ್ತುಗಳು ಕೂಡಿ ಬರಬೇಕು.

ಮೊದಲನೆಯದು, ಸಾಲಗಾರನ ಆದಾಯ ಬೆಲೆಗಳೊಡನೆ ಏರಬೇಕು. ನಮ್ಮ ನೇಕಾರನ ಲಾಭ ಚಾದರದ ಬೆಲೆ ಏರಿದ್ದರಿಂದ ಬಂತು. ಅದೇ 1972ರಲ್ಲಿ ಅಕ್ಕಲಕೋಟೆ ತಾಲೂಕಿನ ಒಣಬೇಸಾಯದ ರೈತನೊಬ್ಬನನ್ನು ನೆನೆಯಿರಿ. ಜೋಳದ ಧಾರಣೆ ಗಗನಕ್ಕೇರಿದೆ, ಆದರೆ ಅವನ ಹೊಲದಲ್ಲಿ ಮಾರಲು ಜೋಳವೇ ಇಲ್ಲ. ಧಾರಣೆಯ ಏರಿಕೆ ಅವನಿಗೆ ಕೊಳ್ಳುವವನ ಕಷ್ಟವಾಗಿ ಬಂತೇ ಹೊರತು ಮಾರುವವನ ಲಾಭವಾಗಿ ಬರಲಿಲ್ಲ. ಕೂಲಿಯವನ ಸ್ಥಿತಿಯೂ ಹಾಗೆಯೇ. ಬೆಲೆ ಮೊದಲು ಏರುತ್ತದೆ, ಕೂಲಿ ತಡವಾಗಿ ಏರುತ್ತದೆ. ನಡುವಿನ ಕಾಲದಲ್ಲಿ ಅವನು ಹಳೆಯ ಸಾಲವನ್ನು ಹಗುರ ಮಾಡಿಕೊಳ್ಳುವುದಿರಲಿ, ಹೊಟ್ಟೆಗಾಗಿ ಹೊಸ ಸಾಲ ಮಾಡುತ್ತಾನೆ.

ಎರಡನೆಯದು, ಬಡ್ಡಿಯ ದರ ಸಾಲದ ಅವಧಿಯುದ್ದಕ್ಕೂ ಸ್ಥಿರವಾಗಿರಬೇಕು. ಆರು ತಿಂಗಳಿಗೊಮ್ಮೆ ಕಾಗದ ಹೊಸದು ಮಾಡುವ ಸಾವಕಾರನು ಬೆಲೆ ಏರಿದ ಕೂಡಲೇ ಬಡ್ಡಿಯನ್ನೂ ಏರಿಸಬಲ್ಲ. ಅವನ ಮುಂದೆ ಸಾಲಗಾರನಿಗೆ ಒಂದು ಸುಗ್ಗಿಯ ಮಟ್ಟಿಗೆ ಅನುಕೂಲವಾದೀತು, ಅಷ್ಟೇ. ಇಂದಿನ ಗೃಹಸಾಲಗಳ ಸ್ವಭಾವವೂ ಇದೇ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಬದಲಾಗುವ ದರದ ಗೃಹಸಾಲಗಳನ್ನು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಗಿದೆ. 2022ರಲ್ಲಿ ಬೆಲೆಗಳು ಬಿರುಸಾದಾಗ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ರಿಂದ ಏರಿಸುತ್ತ 2023ರ ಫೆಬ್ರವರಿಗೆ ಶೇ. 6.5ಕ್ಕೆ ಮುಟ್ಟಿಸಿತು. ಇಲ್ಲಿರುವ ಅನೇಕ ಪಾಲಕರ ಮನೆಸಾಲದ ಕಂತುಗಳ ಸಂಖ್ಯೆ ಆಗ ಹೆಚ್ಚಿದ್ದು ನೆನಪಿರಬಹುದು. ಬದಲಾಗುವ ದರದ ಸಾಲದಲ್ಲಿ ಅನಿರೀಕ್ಷಿತ ಹಣದುಬ್ಬರದ ಉಡುಗೊರೆ ಸಾಲಗಾರನ ಕೈ ಸೇರುವ ಮುನ್ನವೇ ಕರಗುತ್ತದೆ.

ಮೂರನೆಯದು, ಆರಂಭದ ಬಡ್ಡಿ ವಿಪರೀತವಾಗಿರಬಾರದು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಕೈಗಡ ಮಾಡಿದವನಿಗೆ ವರ್ಷಕ್ಕೆ ಶೇ. 36 ಬಿತ್ತು. ಬೆಲೆ ಶೇ. 25ರಷ್ಟು ಏರಿದ ವರ್ಷದಲ್ಲಿಯೂ ಅವನು ಸಾವಕಾರನಿಗೆ ನೈಜ ಬಡ್ಡಿ ಕೊಡುತ್ತಲೇ ಇದ್ದ. ಆದ್ದರಿಂದ 1973 ಮತ್ತು 1974ರ ಹಣದುಬ್ಬರದಲ್ಲಿ ಗೆದ್ದವರು ಬಡ ಸಾಲಗಾರರಿಗಿಂತ ಹೆಚ್ಚಾಗಿ ಬ್ಯಾಂಕುಗಳಿಂದ ಕಡಿಮೆ ದರದ ದೀರ್ಘ ಸಾಲ ಪಡೆಯಬಲ್ಲವರಾಗಿದ್ದರು. ಅವರಲ್ಲಿ ಎಲ್ಲಕ್ಕಿಂತ ದೊಡ್ಡವನು ಸರಕಾರವೇ. ವರ್ಷಗಟ್ಟಲೆಯ ಅವಧಿಗೆ ಸ್ಥಿರ ಬಡ್ಡಿಯ ಸಾಲಪತ್ರ ಮಾರಿದ ಸರಕಾರ, ಬೆಲೆ ಒಂದೂವರೆ ಪಟ್ಟಾದಾಗ ತನ್ನ ಹಳೆಯ ಸಾಲದ ಮೂರನೆಯ ಒಂದು ಭಾಗವನ್ನು ಒಂದು ಪೈಸೆ ಕೊಡದೆ ತೀರಿಸಿದಂತಾಯಿತು.

ಹಾಗಾದರೆ ಸೋತವರು ಯಾರು? ಸಾಲ ಕೊಟ್ಟವರು ಎಂದೊಡನೆ ನಮ್ಮ ಕಣ್ಣ ಮುಂದೆ ದಪ್ಪ ಖಾತೆಪುಸ್ತಕ ಹಿಡಿದ ಸಾವಕಾರ ಬಂದು ನಿಲ್ಲುತ್ತಾನೆ. ಆದರೆ ಬ್ಯಾಂಕು ಕೊಡುವ ಸಾಲ ಬ್ಯಾಂಕಿನ ಸ್ವಂತ ಹಣವಲ್ಲ. ಅದು ಠೇವಣಿದಾರರ ಹಣ. ನಿವೃತ್ತ ಶಿಕ್ಷಕರ ಭವಿಷ್ಯನಿಧಿ, ಗಂಡನನ್ನು ಕಳೆದುಕೊಂಡ ತಾಯಿಯ ಅಂಚೆ ಉಳಿತಾಯ, ಮಗಳ ಮದುವೆಗೆಂದು ಕಟ್ಟಿದ ವಿಮೆ, ಪತಸಂಸ್ಥೆಯಲ್ಲಿಟ್ಟ ಪುಡಿಗಂಟು, ಇವೆಲ್ಲ ಸಾಲ ಕೊಟ್ಟ ಹಣಗಳೇ. ನೇಕಾರನ ಮನೆಗೆ ಬಂದ ಹದಿನೈದು ಚಾದರಗಳು ಹೊರಟದ್ದು ಇಂಥ ಮನೆಗಳಿಂದ. ಪಾಸ್‌ಬುಕ್ಕಿನಲ್ಲಿ ಅಂಕಿ ಬೆಳೆಯುತ್ತಲೇ ಇದ್ದುದರಿಂದ ಅವರಿಗೆ ನಷ್ಟವಾದದ್ದು ಕಾಣಲೂ ಇಲ್ಲ.

ಇಲ್ಲಿಗೆ ನಾವು ಶಾಲೆಯ ದತ್ತಿನಿಧಿಗಳ ಬಾಗಿಲಿಗೆ ಬಂದೆವು. 1970ರ ಸುಮಾರಿಗೆ ಒಬ್ಬ ದಾನಿಗಳು ಯಾವುದೋ ಒಂದು ಶಾಲೆಗೆ ಸಾವಿರ ರೂಪಾಯಿ ಕೊಟ್ಟರೆಂದು ಭಾವಿಸೋಣ. ವರ್ಷಕ್ಕೆ ಶೇ. 6ರಂತೆ ಅರವತ್ತು ರೂಪಾಯಿ ಬಡ್ಡಿ. ಆ ಕಾಲದಲ್ಲಿ ಅರವತ್ತು ರೂಪಾಯಿ ಎಂದರೆ ಒಬ್ಬ ಮಗುವಿನ ವರ್ಷದ ಪಠ್ಯಪುಸ್ತಕ, ಪಾಟಿಚೀಲ, ಒಂದು ಜೊತೆ ಬಟ್ಟೆಗೆ ಒದಗುವ ಹಣ. ಅಂದಿನಿಂದ ಇಂದಿಗೆ ಗ್ರಾಹಕ ಬೆಲೆಗಳು ನಲವತ್ತು ಪಟ್ಟಿಗಿಂತ ಹೆಚ್ಚು ಏರಿವೆ. ಅಂದಿನ ಅರವತ್ತು ರೂಪಾಯಿಗೆ ಸಮನಾದ ಬಹುಮಾನ ಕೊಡಲು ಇಂದು ಎರಡೂವರೆ ಸಾವಿರ ರೂಪಾಯಿಯಾದರೂ ಬೇಕು. ಆದರೆ ಆ ಸಾವಿರ ರೂಪಾಯಿಯ ಅಸಲು ಸಾವಿರವಾಗಿಯೇ ಉಳಿದಿದ್ದರೆ ಇಂದು ಬರುವ ಬಡ್ಡಿ ಅರವತ್ತೈದೋ ಎಪ್ಪತ್ತೋ ರೂಪಾಯಿ. ದಾನಿಗಳ ಹೆಸರು ಫಲಕದ ಮೇಲೆ ಉಳಿಯಿತು. ಅವರ ದಾನ ಕರಗಿತು.

ಈ ನಷ್ಟದಲ್ಲಿ ಎರಡು ಭಾಗಗಳಿವೆ. ಅವುಗಳನ್ನು ಬೇರೆ ಮಾಡಿ ನೋಡಬೇಕು. ಒಂದು ಭಾಗ 1973-74ರಂಥ ಅನಿರೀಕ್ಷಿತ ಹಣದುಬ್ಬರದಿಂದ ಆದದ್ದು. ಅದನ್ನು ಯಾವ ಆಡಳಿತ ಮಂಡಳಿಯೂ ಪೂರ್ತಿ ತಡೆಯಲಾರದು. ಇನ್ನೊಂದು ಭಾಗ ನಿರೀಕ್ಷಿತ ಹಣದುಬ್ಬರದಿಂದ ಆದದ್ದು. ಅದಕ್ಕೆ ಬ್ಯಾಂಕು ಪರಿಹಾರವನ್ನು ಕೊಟ್ಟೇ ಇತ್ತು. ಬೆಲೆ ಶೇ. 5ರಷ್ಟು ಏರುತ್ತದೆಂದು ಎಲ್ಲರೂ ಎಣಿಸಿದಾಗ ಠೇವಣಿಗೆ ಶೇ. 7 ಬಡ್ಡಿ ಸಿಕ್ಕರೆ, ಆ ಏಳರಲ್ಲಿ ಐದು ನಿಜವಾಗಿ ಬಡ್ಡಿಯೇ ಅಲ್ಲ. ಅದು ಸವೆದ ಅಸಲಿಗೆ ತೆತ್ತ ಬೆಲೆ. ಬಡ್ಡಿಯೆಂಬ ಹೆಸರಿನಲ್ಲಿ ಅಸಲೇ ತುಸುತುಸುವಾಗಿ ಮರಳಿ ಬರುತ್ತದೆ. ಏಳನ್ನೂ ಬಹುಮಾನಕ್ಕೆ ಹಂಚಿದರೆ ನಾವು ಅಸಲನ್ನೇ ಹಂಚಿದಂತೆ. ಬಿತ್ತನೆಯ ಕಾಳನ್ನು ಬೀಸಿ ರೊಟ್ಟಿ ಮಾಡಿದಂತೆ.

ಲಕ್ಷ ರೂಪಾಯಿಯ ಒಂದು ದತ್ತಿಯನ್ನು ತೆಗೆದುಕೊಳ್ಳಿರಿ. ಬಡ್ಡಿ ಶೇ. 7, ಬೆಲೆ ಏರಿಕೆ ಶೇ. 5. ವರ್ಷಕ್ಕೆ ಬರುವ ಏಳು ಸಾವಿರವನ್ನೂ ಹಂಚುತ್ತ ಹೋದರೆ ಇಪ್ಪತ್ತು ವರ್ಷಗಳ ಮೇಲೆ ಅಸಲು ಲಕ್ಷವೇ ಇರುತ್ತದೆ, ಆದರೆ ಅದರ ಕೊಳ್ಳುವ ಶಕ್ತಿ ಇಂದಿನ ಮೂವತ್ತೆಂಟು ಸಾವಿರ ರೂಪಾಯಿಯಷ್ಟು. ಅದರ ಬದಲು ಮೊದಲ ವರ್ಷ ಎರಡು ಸಾವಿರ ಮಾತ್ರ ಹಂಚಿ ಐದು ಸಾವಿರವನ್ನು ಅಸಲಿಗೆ ಕೂಡಿಸಿದರೆ ಅಸಲು 1,05,000 ಆಗುತ್ತದೆ; ಮರುವರ್ಷ ಹಂಚಲು 2,100 ಸಿಗುತ್ತದೆ. ಹೀಗೆ ನಡೆದರೆ ಇಪ್ಪತ್ತು ವರ್ಷಗಳ ಮೇಲೆ ಅಸಲು ಸುಮಾರು 2,65,000, ಬಹುಮಾನ ಸುಮಾರು 5,300. ಅದು ಇಂದಿನ ಎರಡು ಸಾವಿರಕ್ಕೆ ಸರಿಸಮ. ಬಹುಮಾನ ಆರಂಭದಲ್ಲಿ ಚಿಕ್ಕದೆನಿಸುತ್ತದೆ ನಿಜ. ಆದರೆ ನಮ್ಮ ಮೊಮ್ಮಕ್ಕಳಿಗೂ ಅದೇ ತೂಕದ ಬಹುಮಾನ ಸಿಗುತ್ತದೆ.

ಇದರಲ್ಲೊಂದು ಎಚ್ಚರವೂ ಬೇಕು. ನೈಜ ಬಡ್ಡಿ ಎಂದೂ ಎರಡೇ ಇರುತ್ತದೆಂಬ ಭರವಸೆಯಿಲ್ಲ. 2020ರ ನಡುವಿನಲ್ಲಿ ದೊಡ್ಡ ಬ್ಯಾಂಕುಗಳು ಐದು ವರ್ಷದ ಠೇವಣಿಗೆ ಕೊಡುತ್ತಿದ್ದುದು ಶೇ. 5.5ರ ಆಸುಪಾಸು. ಐದು ವರ್ಷದಲ್ಲಿ ಆ ಠೇವಣಿ ಸುಮಾರು ಶೇ. 30ರಷ್ಟು ಬೆಳೆಯಿತು. 2019-20ರಿಂದ 2024-25ರವರೆಗೆ ಗ್ರಾಹಕ ಬೆಲೆಗಳು ಬೆಳೆದದ್ದೂ ಹೆಚ್ಚುಕಡಿಮೆ ಅಷ್ಟೇ. ಐದು ವರ್ಷ ಕಾದ ಠೇವಣಿದಾರನಿಗೆ ಅಸಲಿನ ಶಕ್ತಿ ಮರಳಿ ಬಂತು, ಬಡ್ಡಿ ಬರಲಿಲ್ಲ. 2016ರಿಂದ ರಿಸರ್ವ್ ಬ್ಯಾಂಕಿಗೆ ಹಣದುಬ್ಬರವನ್ನು ಶೇ. 4ರ ಹತ್ತಿರ, ಎರಡು ಅಂಶ ಮೇಲೆ ಅಥವಾ ಕೆಳಗೆ, ಹಿಡಿದಿಡುವ ಹೊಣೆ ಕಾಯದೆಯಿಂದಲೇ ಬಂದಿದೆ. ಅದರಿಂದ 1974ರಂಥ ಆಘಾತದ ಭಯ ಕಡಿಮೆಯಾಗಿದೆ. ಆದರೆ ಶೇ. 4 ಎಂದು ಎಣಿಸಿದ್ದು ಶೇ. 6 ಆದರೂ, ಶೇ. 5.5ರ ಠೇವಣಿ ಇಟ್ಟವನು ಸೋಲುವ ಕಡೆಗೆ ಹೋಗುತ್ತಾನೆ.

ಆದ್ದರಿಂದ ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಮೂರು ಮಾತುಗಳಲ್ಲಿದೆ. ದತ್ತಿಪತ್ರದಲ್ಲಿ "ಬಡ್ಡಿಯನ್ನು ಹಂಚತಕ್ಕದ್ದು" ಎಂದಷ್ಟೇ ಬರೆಯದೆ, "ಆಯಾ ವರ್ಷದ ಬೆಲೆ ಏರಿಕೆಯಷ್ಟನ್ನು ಅಸಲಿಗೆ ಕೂಡಿಸಿ ಉಳಿದುದನ್ನು ಹಂಚತಕ್ಕದ್ದು" ಎಂದು ಬರೆಸಿರಿ. ವರ್ಷದ ಬಡ್ಡಿ ಬೆಲೆ ಏರಿಕೆಗಿಂತ ಕಡಿಮೆಯಾದ ವರ್ಷ ಪ್ರಶಸ್ತಿಪತ್ರವನ್ನು ಮಾತ್ರ ಕೊಡಿರಿ, ಅಸಲನ್ನು ಮುಟ್ಟಬೇಡಿರಿ. ಎಲ್ಲ ದತ್ತಿಗಳನ್ನೂ ಒಂದೇ ದಿನ ಒಂದೇ ದೀರ್ಘ ಅವಧಿಗೆ ಕಟ್ಟಿಹಾಕದೆ, ಪ್ರತಿವರ್ಷ ಒಂದೊಂದು ಭಾಗ ಮುದ್ದತು ತೀರುವಂತೆ ಹಂಚಿ ಇಡಿರಿ. ಬೆಲೆಗಳು ಅನಿರೀಕ್ಷಿತವಾಗಿ ಏರಿದರೆ ಆಗ ಏರುವ ಬಡ್ಡಿಯನ್ನು ಒಂದು ಭಾಗವಾದರೂ ಹಿಡಿಯುತ್ತದೆ.

ಪಾಲಕ ಬಂಧುಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ. ಸಾಲದ ಕಾಗದಕ್ಕೆ ಸಹಿ ಮಾಡುವ ಮುನ್ನ ದರ ಸ್ಥಿರವೋ ಬದಲಾಗುವುದೋ ಕೇಳಿರಿ. ಬೆಲೆ ಏರಿದರೆ ನಿಮ್ಮ ಸಂಬಳವೋ ಬೆಳೆಯ ಧಾರಣೆಯೋ ಅದರೊಡನೆ ಏರುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಬೆಲೆ ಏರದೆ ನಿಂತರೂ ಕಂತು ಕಟ್ಟಬಲ್ಲಿರಾ ಎಂದು ಲೆಕ್ಕ ಹಾಕಿರಿ. ಮೊದಲನೆಯ ನೇಕಾರನ ಅದೃಷ್ಟವನ್ನು ನಂಬಿ ಸಾಲ ಮಾಡುವವರು ಎರಡನೆಯ ನೇಕಾರನನ್ನು ಮರೆಯಬಾರದು.